ಏಳು ಗಂಟೆಯ ಮಹಾಸಂಚಿಕೆ

ಮಂಡ್ಯದಲ್ಲಿ ಸಂಜೆ 6:10, ಜರ್ಮನಿಯ ಆಖೆನ್‌ನಲ್ಲಿ ಮಧ್ಯಾಹ್ನ 2:40. ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಚೇತನ ಫೋನ್ ಎತ್ತಿದಾಗ ಪರದೆಯ ತುಂಬ ಟಿ.ವಿ. ಹಿಂಬದಿಯ ವೈರುಗಳೇ ಕಂಡವು.

"ಹಬ್ಬಕ್ಕೆ ಸುಣ್ಣ ಹೊಡ್ಸುದ್ವಲ್ಲ, ಹತ್ತು ದಿನ ಬಾಕ್ಸು ಆಫೇ ಇತ್ತು ಕಣ್ಲಾ. ಈಗ ಹಾಕುದ್ರೆ ಏನೂ ಬತ್ತಾ ಇಲ್ಲ. ಏಳ್ ಗಂಟ್ಗೆ ಗೌರಿ ಹಬ್ಬದ ಮಹಾಸಂಚಿಕೆ. ನಿಮ್ಮವ್ವ ಬಾಗಿನ ಕೊಡಕ್ಕೆ ಹೋಗವ್ಳೆ, ಬರೋ ಹೊತ್ಗೆ ಸರಿಯಾಗ್ಬೇಕು. ಅಂಗಡಿಯವ್ನು ರೀಸೆಟ್ ಮಾಡಿ ಅಂದ."

"ಅಪ್ಪಾ, ರೀಸೆಟ್ ಈಗ್ಲೇ ಬ್ಯಾಡ. ಬಾಕ್ಸಿನ ರಿಮೋಟಲ್ಲಿ ಮೆನು ಒತ್ತು. ಟಿ.ವಿ. ರಿಮೋಟಲ್ಲ, ನಾನು ರಬ್ಬರ್ ಬ್ಯಾಂಡ್ ಹಾಕಿದ್ನಲ್ಲ, ಅದು."

ನೀಲಿ ಮೆನು ಬಂತು. ಚೇತನನಿಗೆ ಅರ್ಧ ಭಾರ ಇಳಿಯಿತು. ಮೆನು ಕಾಣುತ್ತಿದೆ ಎಂದರೆ ಬಾಕ್ಸೂ ಸರಿ, ಬಾಕ್ಸಿನಿಂದ ಟಿ.ವಿ.ಗೆ ಹೋಗುವ ವೈರೂ ಸರಿ. ಮೆನುವೇ ಬರದಿದ್ದರೆ ಟಿ.ವಿ.ಯ ಸೋರ್ಸ್ ಬದಲಿಸಿ ನೋಡಬೇಕಿತ್ತು. ಇಲ್ಲಿ ತೊಂದರೆ ಡಿಶ್ ತಟ್ಟೆಯ ಕಡೆ.

"ಸೆಟ್ಟಿಂಗ್ಸ್ ಒಳಗೆ ಸಿಗ್ನಲ್ ಅಂತ ಐತೆ ನೋಡು. ಎರಡು ಪಟ್ಟಿ ಇರ್ತವೆ."

"Strength ಸೊನ್ನೆ. Quality ಸೊನ್ನೆ."

ಎರಡೂ ಸೊನ್ನೆ. ತಟ್ಟೆ ಅಲುಗಾಡಿ ದಿಕ್ಕು ತಪ್ಪಿದ್ದರೆ ಸಾಮಾನ್ಯವಾಗಿ ಮೊದಲ ಪಟ್ಟಿ ತುಂಬಿದ್ದು ಎರಡನೆಯದು ಬೀಳುತ್ತದೆ. ಎರಡೂ ಬಿದ್ದಿದ್ದರಿಂದ ತಂತಿಯ ಮೇಲೆಯೇ ಅನುಮಾನ. ಈ ಸ್ಥಿತಿಯಲ್ಲಿ ರೀಸೆಟ್ ಒತ್ತಿದ್ದರೆ ಇದ್ದ ಚಾನೆಲ್ ಪಟ್ಟಿಯೂ ಅಳಿಸಿಹೋಗಿ, ಹೊಸದನ್ನು ಹುಡುಕಲು ಸಿಗ್ನಲ್ ಇಲ್ಲದೆ ಬಾಕ್ಸು ಅಲ್ಲೇ ನಿಂತುಬಿಡುತ್ತಿತ್ತು.

"ಮೊದ್ಲು ಗೋಡೆ ಸ್ವಿಚ್ ಆಫ್ ಮಾಡು. ಬಾಕ್ಸಿಂದ ತಟ್ಟೆಗೆ 13, ಇಲ್ಲಾ 18 ವೋಲ್ಟ್ ಹೋಗ್ತಿರುತ್ತೆ, ಕರೆಂಟ್ ಇದ್ದಾಗ ಬಿಚ್ಚಿದ್ರೆ ಶಾರ್ಟಾಗ್ಬೋದು. ಆಮೇಲೆ ದಪ್ಪ ಕರೀ ವೈರು, ತಿರುಪು ಮೂತಿಯದು, ಎಡಕ್ಕೆ ತಿರುಗ್ಸಿ ಬಿಚ್ಚು. ಮಧ್ಯದ ತಾಮ್ರ ತೋರ್ಸು."

ಅಪ್ಪ ಫೋನನ್ನು ಹತ್ತಿರ ಹಿಡಿದರು. ತಾಮ್ರ ಒಳಗೇ ಮುರಿದಿತ್ತು. ಸುಣ್ಣ ಹೊಡೆಯುವವರು ಮೇಜು ಎಳೆದಾಗ ಜಗ್ಗಿರಬೇಕು.

"ಮೂತಿ ಕಿತ್ತು, ವೈರಿನ ತುದಿ ಕತ್ತರ್ಸು. ಬ್ಲೇಡಲ್ಲಿ ಒಂದೂವರೆ ಸೆಂಟಿಮೀಟರ್ ಕರೀ ಸಿಪ್ಪೆ ಮಾತ್ರ ಸುಲಿ. ಒಳಗಿನ ಬೆಳ್ಳಿ ಜಾಲರೀನ ಹಿಂದಕ್ಕೆ ಮಡ್ಚು. ಬಿಳೀದನ್ನ ಒಂದು ಸೆಂಟಿಮೀಟರ್ ತೆಗಿ, ತಾಮ್ರಕ್ಕೆ ಗೀರು ಬೀಳ್ಬಾರ್ದು. ಜಾಲರಿದೊಂದು ಎಳೆ ತಾಮ್ರಕ್ಕೆ ತಗುಲಿದ್ರೂ ಮುಗೀತು."

"ಸ್ಟಾರ್ಟರ್ ವೈರು ಎಷ್ಟ್ ಕಟ್ಟಿಲ್ಲ ನಾನು! ಒಸಿ ಸುಮ್ಕಿರು."

ಪಂಪ್‌ಸೆಟ್ ನೋಡಿಕೊಂಡ ಕೈ ಅದು, ಅವಸರವಿಲ್ಲದೆ ಸುಲಿಯಿತು. ಚೇತನ ಉಸಿರು ಬಿಗಿಹಿಡಿದು ನೋಡಿದ. ಮೂತಿಯನ್ನು ಬಲಕ್ಕೆ ತಿರುಗಿಸಿ ಹಾಕಿದಾಗ ಬಿಳಿ ಭಾಗ ಒಳಗಿನ ತಳಕ್ಕೆ ಸಮನಾಯಿತು, ತಾಮ್ರ ಅಂಚಿನಿಂದ ಮೂರು ಮಿಲಿಮೀಟರಿನಷ್ಟು ಆಚೆ ಬಂತು. ಬೇಕಾದ್ದೂ ಅಷ್ಟೇ.

ಸ್ವಿಚ್ ಹಾಕಿದರು. Strength 82, Quality 70. ಆದರೂ ಒಂದು ಚಾನೆಲ್ಲೂ ತೆರೆಯಲಿಲ್ಲ, ಬಾಕ್ಸು ಹಳೆಯ ಚಾನೆಲ್ ಪಟ್ಟಿಯಲ್ಲೇ ಸಿಕ್ಕಿಕೊಂಡಿತ್ತು. ಗಂಟೆ 6:38.

"ಈಗ ರೀಸೆಟ್. Factory Reset ಒತ್ತು. ಪಿನ್ ಕೇಳಿದ್ರೆ ನಾಲ್ಕು ಸೊನ್ನೆ, ನಮ್ಮದಕ್ಕೆ ನಾನು ಅದ್ನೇ ಬಿಟ್ಟಿದ್ದೆ. ಎಲ್‌ಎನ್‌ಬಿ ಅಂತ ಬಂದ್ರೆ ಏನೂ ಬದಲಾಯ್ಸಬ್ಯಾಡ, OK. ಲೈಟು ಮಿಣುಕ್ತಾ ಇರೋವಾಗ ಮಾತ್ರ ಆಫ್ ಮಾಡ್ಲೇಬಾರ್ದು."

ಚಾನೆಲ್ ಹುಡುಕಾಟದ ಪಟ್ಟಿ 40ರಲ್ಲಿ ನಿಂತಿತು. ಅಪ್ಪನ ಕೈ ಸ್ವಿಚ್ಚಿನ ಕಡೆ ಹೋಯಿತು.

"ಅಪ್ಪಾ, ಬ್ಯಾಡ! ಹುಡುಕ್ತಾ ಐತೆ."

ಎರಡು ನಿಮಿಷ ಕಳೆದು 41 ಆಯಿತು. ನೂರು ಮುಟ್ಟಿದಾಗ 6:49. ಚಾನೆಲ್ ಹಾಕಿದರೆ ಚಂದಾ ಇಲ್ಲ ಎಂಬ ಸಂದೇಶ.

"ದುಡ್ಡು ಕಟ್ಟಿವ್ನಲ್ಲೋ!"

"ಕಟ್ಟಿದ್ದೀಯ. ಹತ್ತು ದಿನ ಆಫಿದ್ದಿದ್ರಿಂದ ಕಾರ್ಡಿಗೆ ಹೊಸ ಅಪ್ಪಣೆ ಬಂದಿಲ್ಲ. ಅದು ಆಕಾಶದಿಂದ್ಲೇ ಬರ್ಬೇಕು. ಅದೇ ಚಾನೆಲ್ಲಲ್ಲಿ ಬುಟ್ಟು ಬಾಕ್ಸು ಆನಿಟ್ಟಿರು. ಅವ್ವನ ನಂಬರಲ್ಲಿ ನೋಂದಾಯ್ಸಿರೋದು, ಬಿಲ್ಲಿನ ಹಿಂದೆ ಐತಲ್ಲ, ಆ ನಂಬರ್ಗೆ ಅವ್ವನ ಫೋನಿಂದ್ಲೇ ಮಿಸ್ ಕಾಲ್ ಕೊಡು."

ಅವ್ವನ ಫೋನ್ ಅವ್ವನ ಜೊತೆಗಿತ್ತು. ಅಪ್ಪ ಬಾಗಿಲಿಗೆ ಹೋಗಿ ಕೂಗಿದರು. ಮೊರದ ಬಾಗಿನ ಕೊಟ್ಟು ಬರುತ್ತಿದ್ದ ಅವ್ವ, ಅರಿಶಿನದ ಕೈಯಲ್ಲೇ ಕರೆ ಮಾಡಿ ಎರಡು ರಿಂಗಿಗೆ ಕತ್ತರಿಸಿದರು. ಮೂವರೂ ಕಪ್ಪು ಪರದೆಯನ್ನೇ ನೋಡಿದರು.

6:57ಕ್ಕೆ ಅಡುಗೆ ಎಣ್ಣೆಯ ಜಾಹೀರಾತು ಬಂತು.

ಅಪ್ಪ ಡೈರಿಯ ಹಾಲಿನ ಪುಸ್ತಕದ ಕೊನೆಯ ಹಾಳೆ ತೆಗೆದು ಬರೆಯತೊಡಗಿದರು. "ಮೊದ್ಲು ಮೆನು. ಆಮೇಲೆ ರೀಸೆಟ್..."

"ಮಧ್ಯದಲ್ಲಿ ಎರಡು ಪಟ್ಟಿ, ಅಪ್ಪಾ. ಸಿಗ್ನಲ್ ನೋಡಿ, ತಂತಿ ಸರಿಮಾಡಿ, ಆಮೇಲೇ ರೀಸೆಟ್."

"ತಂತಿ... ಬರ್ದೆ. ಹಾಡು ಬಂತು ಕಣ್ಲಾ, ಇಡ್ತೀನಿ."