ಅವ್ವಾ, ಈ ಸಲ ಎಳ್ಳಮಾಸಿಗೆ ಬರೋಕಾಗೋದಿಲ್ಲ

ಅವ್ವಾ,

ನಿನ್ನೆ ರಾತ್ರಿ ನಾನು ಕಳಿಸಿದ ಮೆಸೇಜ್ ಅಳಿಸಿಬಿಡು. "ಎಳ್ಳಮಾಸಿಗೆ ಬರೋಕಾಗಲ್ಲ, ರಜೆ ಇಲ್ಲ" ಅಂತ ಒಂದೇ ಸಾಲು ಬರೆದು ಡ್ಯೂಟಿಗೆ ಓಡಿದ್ದೆ. ಬೆಳಗ್ಗೆ ನೋಡಿದರೆ ನೀನು "ಆಗಲಿ ಬಿಡು" ಅಂತ ಮಾತ್ರ ಹಾಕಿದ್ದೀ. ನಿನಗೆ ನಿಜಕ್ಕೂ ಆಗಲಿ ಅನ್ನಿಸಿದ್ದರೆ ಜೊತೆಗೆ ಇನ್ನೂ ನಾಲ್ಕು ಮಾತು ಕೇಳುತ್ತಿದ್ದೆ, ಉಂಡ್ಯಾ, ಮಲಗಿದ್ಯಾ, ಥಂಡಿ ಜಾಸ್ತಿ ಇದೆಯಾ ಅಂತ. ಅದೊಂದೂ ಇರಲಿಲ್ಲ. ಅದಕ್ಕೇ ಈಗ ಕೂತು ಪೂರ್ತಿ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದು. ತಮ್ಮನ ಕೈಲಿ ಓದಿಸಬೇಡ, ಅವನು ಅರ್ಧ ನುಂಗಿಬಿಡುತ್ತಾನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ರಜೆ ಇಲ್ಲ ಅಂದದ್ದು ಪೂರ್ತಿ ನಿಜ ಅಲ್ಲ. ಕೇಳಿದ್ದರೆ ಸಿಗುತ್ತಿತ್ತೇನೋ. ನಾನೇ ಕೇಳಲಿಲ್ಲ.

ನಮ್ಮ ವಾರ್ಡಿನಲ್ಲಿ ಆರು ಜನ ಸಿಸ್ಟರ್. ಒಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ. ಇನ್ನೊಬ್ಬಳು ಸುರಪುರದ ಕಡೆಯವಳು, ಹೋದ ಸಲ ಬೀದರಿನಿಂದ ನಿನಗೆ ಸೀರೆ ತಂದೆನಲ್ಲ, ಅದನ್ನು ಆರಿಸಿ ಕೊಟ್ಟವಳು. ಅವಳು ಮೂರು ವರ್ಷದಿಂದ ಎಳ್ಳಮಾಸಿಗೆ ಊರಿಗೇ ಹೋಗಿಲ್ಲ. ಹೋದ ವರ್ಷ ನಾನು ಹೊಲದಲ್ಲಿ ನಿನ್ನ ಜೊತೆ ಕೂತು ಭಜ್ಜಿ ತಿನ್ನುತ್ತಿದ್ದಾಗ ನನ್ನ ನೈಟ್ ಡ್ಯೂಟಿ ಮಾಡಿದ್ದು ಅವಳೇ. ಆಗ ಒಂದು ಮಾತೂ ಅಂದಿರಲಿಲ್ಲ. ಈ ಸಲ ಪಟ್ಟಿ ಹಾಕುವಾಗ ಅವಳು ನನ್ನ ಮುಖ ನೋಡಿ ಸುಮ್ಮನಾದಳು, ಕೇಳಲಿಲ್ಲ. ನಾನೇ "ಈ ಸಲ ನೀ ಹೋಗು" ಅಂದೆ. ಅಂದ ಮೇಲೆ ನಿನ್ನ ನೆನಪಾಯಿತು. ಮೊದಲು ನಿನಗೆ ಫೋನ್ ಮಾಡಿ ಹೇಳಬೇಕಿತ್ತು. ಅದು ನನ್ನ ತಪ್ಪು, ಅವ್ವ. ರಜೆ ಇಲ್ಲ ಅಂತ ಇನ್ನೊಬ್ಬರ ಮೇಲೆ ಹಾಕಿದ್ದು ಇನ್ನೂ ದೊಡ್ಡ ತಪ್ಪು.

ಹೀಗಾಗಿ ಗುರುವಾರ ರಾತ್ರಿನೂ ನನ್ನದೇ, ಶುಕ್ರವಾರ ರಾತ್ರಿನೂ ನನ್ನದೇ. ನೀನು ಕೇಳೋದು ಗೊತ್ತು, "ನಡುವೆ ಹಗಲು ಇರ್ತದಲ್ಲ, ಬಂದು ಹೋಗಕ್ಕ ಬರಂಗಿಲ್ಲೇನು?" ಅಂತ. ನಾನೂ ಲೆಕ್ಕ ಹಾಕಿದೆ. ಒಂದಲ್ಲ, ಮೂರು ಸಲ ಹಾಕಿದೆ. ಬೆಳಗ್ಗೆ ಎಂಟಕ್ಕೆ ಡ್ಯೂಟಿ ಬಿಟ್ಟು ಹುಮನಾಬಾದ್, ಕಮಲಾಪುರ ದಾಟಿ ಕಲಬುರಗಿಗೆ ಬಂದು, ಅಲ್ಲಿ ಬಸ್ ಬದಲಿಸಿ ಭೀಮಾ ಸೇತುವೆ ದಾಟಿ ಜೇವರ್ಗಿ, ಅಲ್ಲಿಂದ ಊರು. ಏನೇ ಮಾಡಿದರೂ ಮಧ್ಯಾಹ್ನ ಒಂದೂವರೆ. ಮೂರರೊಳಗೆ ಮತ್ತೆ ಬಸ್ ಹತ್ತಬೇಕು. ಅಷ್ಟರಲ್ಲಿ ಚರಗ ಚೆಲ್ಲಿ ಆಗಿರುತ್ತದೆ. ಬುತ್ತಿ ಬಿಚ್ಚಿ ಎರಡು ತುತ್ತು ತಿನ್ನೋದರೊಳಗೆ ನೀನು ಬಸ್ಸಿನ ಟೈಮ್ ನೋಡೋಕೆ ಶುರು ಮಾಡುತ್ತೀ.

ಪಂಚಮಿಗೆ ಹೀಗೇ ಓಡಿ ಬಂದು ಓಡಿ ಹೋದೆನಲ್ಲ, ಆವತ್ತಿನ ರಾತ್ರಿಯ ವಿಷಯ ನಿನಗೆ ಹೇಳಿರಲಿಲ್ಲ. ನಮ್ಮಲ್ಲಿ ಇರೋದು ದಿನ ತುಂಬದೆ ಹುಟ್ಟಿದ ಕೂಸುಗಳು. ಆವತ್ತು ಒಂದು ಕೂಸು 1 ಕೆಜಿ 100 ಗ್ರಾಂ ಇತ್ತು, ನಿನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗುವಷ್ಟು. ಇನ್ನೂ ಚೀಪೋಕೆ ಬರೋದಿಲ್ಲ, ತಾಯಿ ಹಾಲನ್ನು ಸಣ್ಣ ನಳಿಕೆಯಲ್ಲಿ ಎರಡು ತಾಸಿಗೊಮ್ಮೆ ಕೊಡಬೇಕು, ಸಿರಿಂಜಿನಲ್ಲಿ ಅಳೆದು, 14 ಎಂಎಲ್. ಒಂದು ಚಮಚೆ ಹೆಚ್ಚಾದರೂ ಆ ಹೊಟ್ಟೆ ತಡೆಯೋದಿಲ್ಲ. ನಸುಕಿನ ನಾಲ್ಕಕ್ಕೆ ಸಿರಿಂಜ್ ಹಿಡಿದು ನಿಂತಿದ್ದೇನೆ, ಗೆರೆ ಎರಡೆರಡು ಕಾಣುತ್ತಿದೆ. ಎಷ್ಟು ತೆಗೆದಿದ್ದೇನೆ ಅಂತ ನನಗೇ ಖಾತ್ರಿ ಆಗಲಿಲ್ಲ. ಜೊತೆಗಿದ್ದ ಸಿಸ್ಟರ್‌ನ ಕರೆದು "ನೋಡು, ಸರಿ ಇದೆಯಾ" ಅಂದೆ. ಸರಿ ಇತ್ತು. ಆದರೆ ಬೆಳಗಿನವರೆಗೂ ಕೈ ನಡುಗುತ್ತಲೇ ಇತ್ತು. ನಿದ್ದೆ ಇಲ್ಲದೆ ಆ ಕೂಸುಗಳ ಮುಂದೆ ಇನ್ನೊಮ್ಮೆ ನಿಲ್ಲಬಾರದು ಅಂತ ಆವತ್ತೇ ಅಂದುಕೊಂಡೆ. ಬಂದು ಹೋಗೋಕೆ ಆಗದೇ ಇರೋದಕ್ಕೆ ಇದೇ ಕಾರಣ, ಬೇರೆ ಏನೂ ಇಲ್ಲ. ಮೈ ಹುಷಾರಿಲ್ಲ ಅಂತ ತಿಳಿಯಬೇಡ. ಯಾರ ಮೇಲೂ ಸಿಟ್ಟೂ ಇಲ್ಲ.

ನೀನು ಸಜ್ಜಿ ಬೀಸಿಸಿಕೊಂಡು ಬಂದದ್ದು, ಶೇಂಗಾ ಹುರಿದು ಸಿಪ್ಪೆ ತೆಗೆದಿಟ್ಟದ್ದು ತಮ್ಮನ ಹೆಂಡತಿ ಹೇಳಿದಳು. ಕೇಳಿ ಹೊಟ್ಟೆಯಲ್ಲಿ ಹೇಗೋ ಆಯಿತು. ಮೊನ್ನೆಯಿಂದ ಕಣ್ಣು ಮುಚ್ಚಿದರೆ ಆ ದೊಡ್ಡ ಪಾತ್ರೆಯೇ ಕಾಣುತ್ತದೆ. ಹಸಿ ತೊಗರಿ, ಅವರೆ, ಬಟಾಣಿ, ಮೆಂತ್ಯೆ ಸೊಪ್ಪು, ಹುಣಸೆ ಹುಳಿ, ಕಡಲೆ ಹಿಟ್ಟು ಕಲಸಿ ನೀನು ರಾತ್ರಿಯೆಲ್ಲಾ ಒಲೆ ಮುಂದೆ ಕೂತು ತಿರುವೋದು. ಇಲ್ಲಿ ಬೀದರಿನಲ್ಲೂ ಭಜ್ಜಿ ಮಾಡುತ್ತಾರೆ, ಪಕ್ಕದ ಮನೆಯವರು ತಂದು ಕೊಡುತ್ತಾರೆ. ಆದರೂ ನಿನ್ನ ಭಜ್ಜಿಗೆ ಹೊಲದ ಗಾಳಿ ಸೇರಿರುತ್ತದೆ, ಅಲ್ವಾ?

ನನಗೆ ಏಳೋ ಎಂಟೋ ವರ್ಷ ಇದ್ದಾಗ ನೀನು ದೊಡ್ಡವ್ವನ ಬಾಣಂತನಕ್ಕೆ ಹೋಗಿ ಎಳ್ಳಮಾಸಿಗೆ ಮನೆಯಲ್ಲಿ ಇರಲಿಲ್ಲ. ನಾನು ಬಂಡಿ ಹತ್ತೋದಿಲ್ಲ ಅಂತ ಅಂಗಳದಲ್ಲಿ ಹೊರಳಾಡಿ ಅತ್ತಿದ್ದೆ. ಆಯಿ ನನ್ನನ್ನು ಎತ್ತಿಕೊಂಡು ಹೊಲಕ್ಕೆ ಒಯ್ದು, ಐದು ಪಾಂಡವರ ಕಲ್ಲಿಗೆ ಸುಣ್ಣ ಹಚ್ಚೋ ಕೆಲಸ ನನಗೇ ಕೊಟ್ಟಳು. ನೀನು ಬರದೇ ಇದ್ದದ್ದಕ್ಕೆ ಆಗ ಎಷ್ಟು ನೊಂದಿದ್ದೆ ಅನ್ನೋದು ಇನ್ನೂ ನೆನಪಿದೆ. ಅದಕ್ಕೇ ಈಗ ನಿನಗೆ ಹೇಗಾಗುತ್ತಿದೆ ಅಂತ ಸ್ವಲ್ಪವಾದರೂ ಗೊತ್ತಾಗುತ್ತದೆ. ಬೇಸರ ಮಾಡಿಕೊಳ್ಳಬೇಡ ಅಂತ ಹೇಳೋದಿಲ್ಲ. ಬೇಸರ ಆಗಿದ್ದರೆ ಫೋನ್ ಮಾಡಿ ಬೈಯಿ. ಸುಮ್ಮನೆ ಮಾತ್ರ ಇರಬೇಡ.

ಹೊಲದಲ್ಲಿ ಯಾರಾದರೂ "ಮಗಳು ಬರಲಿಲ್ಲೇನ್ರಿ" ಅಂದರೆ ಮುಚ್ಚಿಡಬೇಡ. ಇನ್ನೊಬ್ಬಳನ್ನು ಊರಿಗೆ ಕಳಿಸಿ ಅವಳ ಡ್ಯೂಟಿ ತಾನು ಮಾಡುತ್ತಿದ್ದಾಳೆ ಅಂತ ಹೇಳು.

ಸಂಕ್ರಾಂತಿಗೆ ಬರುತ್ತೇನೆ. ಇದು ಸಮಾಧಾನಕ್ಕೆ ಹೇಳೋ ಮಾತಲ್ಲ. ಮೂರು ದಿನದ ಅರ್ಜಿ ಕೊಟ್ಟು ಸಹಿನೂ ಆಗಿದೆ, ಸುರಪುರದವಳೇ ಆ ಮೂರು ದಿನ ನೋಡಿಕೊಳ್ಳುತ್ತಾಳೆ. ಅಷ್ಟರಲ್ಲಿ ತೊಗರಿ ರಾಶಿ ಮುಗಿಯದೇ ಇದ್ದರೆ ನಾನೂ ಕೈ ಹಚ್ಚುತ್ತೇನೆ. ಅಪ್ಪನ ಬಿಪಿ ಮಾತ್ರೆ ಎರಡು ತಿಂಗಳಿಗಾಗುವಷ್ಟು ತರುತ್ತೇನೆ. ನಿನ್ನ ಮೊಣಕಾಲಿಗೆ ಡಾಕ್ಟರ್ ಹತ್ತಿರ ಹೋಗೋದು ಕೂಡ ಆ ಸಲವೇ. ಈ ಸಲ ನೀನು ಏನು ನೆಪ ಹೇಳಿದರೂ ಕೇಳೋದಿಲ್ಲ.

ಇನ್ನು ಎರಡು ಕೆಲಸ ನಿನ್ನಿಂದ ಆಗಬೇಕು. ಶೇಂಗಾ ಹೋಳಿಗೆ ಕೆಡೋದಿಲ್ಲ, ಒಂದು ಹತ್ತು ನನ್ನ ಹೆಸರಿಗೆ ಡಬ್ಬಿಯಲ್ಲಿ ತೆಗೆದಿಡು, ತಮ್ಮನ ಕಣ್ಣಿಗೆ ಬೀಳದ ಕಡೆ. ಮತ್ತೆ ಚರಗ ಚೆಲ್ಲುವಾಗ ಒಂದು ಹಿಡಿ ನನ್ನ ಪಾಲಿನದು ಬನ್ನಿ ಗಿಡದ ಕಡೆಯ ಬದುವಿನಲ್ಲಿ ಚೆಲ್ಲಿಸು. ಬಾವಿ ಹತ್ತಿರ ನೆಟ್‌ವರ್ಕ್ ಬರೋದಿಲ್ಲ, ಆ ಬದುವಿನ ಮೇಲೆ ಚೆನ್ನಾಗಿ ಬರುತ್ತದೆ. ಅಲ್ಲಿಂದಲೇ ವಿಡಿಯೋ ಕಾಲ್ ಮಾಡೋಕೆ ತಮ್ಮನಿಗೆ ಹೇಳಿದ್ದೇನೆ. ಡ್ಯೂಟಿ ಬಿಟ್ಟು ಬಂದವಳು ಸ್ನಾನ ಮಾಡಿ ಮಲಗಿರುತ್ತೇನೆ, ಆದರೆ ಫೋನ್ ತಲೆ ಹತ್ತಿರವೇ ಇರುತ್ತದೆ. ಎಷ್ಟು ಹೊತ್ತಿಗಾದರೂ ಮಾಡಿ, ಏಳುತ್ತೇನೆ.

ಓದಿದ ಮೇಲೆ ಫೋನ್ ಮಾಡು. ಸಂಜೆ ಆರರವರೆಗೆ ರೂಮಿನಲ್ಲೇ ಇರುತ್ತೇನೆ.

ನಿನ್ನ ಮಗಳು