ಪುಣೆಯ ಮಳೆ ನೋಡಿ ಇಂಡಿಯಲ್ಲಿ ಬಿತ್ತಬೇಡಿ: ಬದಲಾದ ಮುಂಗಾರು, ನಮ್ಮ ಊರಿನ ಹೊಲ

ವೆಬಿನಾರ್ ಉಪನ್ಯಾಸದ ಬರಹ. ಮೇ ಕೊನೆಯ ಭಾನುವಾರ, ಸಂಜೆ 6 ಗಂಟೆ. ಕೇಳುವವರು: ಪುಣೆ, ಪಿಂಪ್ರಿ-ಚಿಂಚವಾಡದಲ್ಲಿ ನೆಲೆಸಿ, ವಿಜಯಪುರ, ಬೆಳಗಾವಿ, ಕಲಬುರ್ಗಿ ಕಡೆ ಹೊಲ ಇಟ್ಟುಕೊಂಡಿರುವ ಕನ್ನಡಿಗರು. ಮಾತು 15 ನಿಮಿಷ, ಪ್ರಶ್ನೆ 10 ನಿಮಿಷ.

ಸ್ಲೈಡ್ 1: ಶೀರ್ಷಿಕೆ. ಹಿನ್ನೆಲೆಯಲ್ಲಿ ಎರೆ ಹೊಲದ ಬಿರುಕಿನ ಚಿತ್ರ.

*ನನಗೆ: ಎಲ್ಲರ ಮೈಕ್ ಮ್ಯೂಟ್ ಆಗುವವರೆಗೆ ಕಾಯುವುದು. ಪರಿಚಯ ಉದ್ದ ಬೇಡ.*

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವಳು. ಕೃಷಿ ಹವಾಮಾನದ ಕೆಲಸದಲ್ಲಿ 31 ವರ್ಷ ಪುಣೆಯಲ್ಲೇ ಕಳೆದೆ. ದೇಶದ ಕೃಷಿ ಹವಾಮಾನ ವಿಭಾಗ 1932ರಲ್ಲಿ ಶುರುವಾದದ್ದೂ ಇದೇ ಊರಿನಲ್ಲಿ. ಆದರೂ ನಾನು ಮಾಡಿದ ಒಂದು ದೊಡ್ಡ ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಹೊಲ ಅಣ್ಣನ ಕೈಗೆ ಬಂತು. ಒಂದು ವರ್ಷ ಜೂನ್ ಎರಡನೇ ವಾರ ಪುಣೆಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾನು ಫೋನ್ ಮಾಡಿ, "ಅಣ್ಣಾ, ಮುಂಗಾರು ಬಂತು, ಬಿತ್ತಿಗಿ ಮುಗಿಸಿಬಿಡು" ಅಂದೆ. ಅಲ್ಲಿ ಒಂದೇ ಒಂದು ಹದ ಮಳೆ ಆಗಿತ್ತು. ತಂಗಿ ಹವಾಮಾನದಾಕಿ, ಆಕೆಯ ಮಾತು ಸುಳ್ಳಾಗುತ್ತದೆಯೇ ಎಂದು ಅಣ್ಣ ಕೂರಿಗೆ ಹೂಡಿಬಿಟ್ಟ. ಆಮೇಲೆ 22 ದಿನ ಒಂದು ಹನಿ ಬೀಳಲಿಲ್ಲ. ಮೊಳಕೆ ಒಡೆದ ತೊಗರಿ ಮಣ್ಣಿನೊಳಗೇ ಒಣಗಿತು. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಎರಡನೇ ಸಲ. ಅಣ್ಣ ಇವತ್ತಿಗೂ ಆ ಮಾತು ಎತ್ತಿಲ್ಲ. ಅವನು ಎತ್ತದೇ ಇರುವುದೇ ನನಗೆ ಭಾರ.

*ನನಗೆ: ಇಲ್ಲಿ ನಿಲ್ಲಬೇಕು. ತಕ್ಷಣ ಸ್ಲೈಡ್ ತಿರುಗಿಸಬಾರದು.*

ಸ್ಲೈಡ್ 2: ನಕಾಶೆ. ಮಹಾಬಳೇಶ್ವರ, ವಾಯಿ, ಪುಣೆ, ಸೊಲ್ಲಾಪುರ, ವಿಜಯಪುರ.

ಈ ನಕಾಶೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಓದಿ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟುತ್ತದೆ. ಘಾಟು ಇಳಿದು ವಾಯಿಗೆ ಬಂದರೆ ಅದರ ಐದನೇ ಒಂದು ಪಾಲೂ ಸಿಗುವುದಿಲ್ಲ. ಸಮುದ್ರದ ಗಾಳಿ ಸಹ್ಯಾದ್ರಿ ಏರುವಾಗ ತಣ್ಣಗಾಗಿ ನೀರು ಸುರಿಸುತ್ತದೆ, ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ನಮ್ಮ ಸೊಲ್ಲಾಪುರ, ವಿಜಯಪುರ ಈ ಬೆಟ್ಟದ ಮಳೆ ನೆರಳಿನ ಸೀಮೆ. ಕೋಥ್ರೂಡಿನ ಬಾಲ್ಕನಿಯಲ್ಲಿ ಕಾಣುವ ಮಳೆ ಘಾಟಿನ ಅಂಚಿನ ಮಳೆ. ಅದಕ್ಕೂ ಇಂಡಿಯ ಹೊಲಕ್ಕೂ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ.

ಸ್ಲೈಡ್ 3: 2023ರ ಮುಂಗಾರು, ದೇಶದ ಸರಾಸರಿ. ಜೂನ್ −9%, ಜುಲೈ +13%, ಆಗಸ್ಟ್ −36%, ಸೆಪ್ಟೆಂಬರ್ +13%. ಒಟ್ಟು 94%.

*ನನಗೆ: ಮೊದಲು ಒಟ್ಟು ಅಂಕಿ ಮಾತ್ರ ತೋರಿಸುವುದು. ತಿಂಗಳ ಅಂಕಿಗಳು ಎರಡನೇ ಕ್ಲಿಕ್ಕಿಗೆ.*

ಇದು ನನ್ನ ಮುಖ್ಯ ಸ್ಲೈಡ್, ಇಲ್ಲಿ ತುಸು ಹೊತ್ತು ಇರೋಣ. ದೇಶಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಡಿಕೆ ಮಳೆ 87 ಸೆಂಟಿಮೀಟರ್. 2023ರಲ್ಲಿ ಅದರಲ್ಲಿ ನೂರಕ್ಕೆ 94 ಪಾಲು ಬಿತ್ತು. ಪತ್ರಿಕೆ ಓದಿದವರಿಗೆ, ಆರು ಪಾಲು ತಾನೇ ಕಡಿಮೆ, ನಡೆಯುತ್ತದೆ ಅನ್ನಿಸುತ್ತದೆ.

ಈಗ ತಿಂಗಳ ಲೆಕ್ಕ ನೋಡಿ. ಆ ಆಗಸ್ಟ್, 1901ರಿಂದ ದಾಖಲಾದ ಆಗಸ್ಟ್‌ಗಳಲ್ಲೇ ಅತಿ ಒಣ ಆಗಸ್ಟ್. ಹೆಸರು, ಸೋಯಾ ಕಾಯಿ ಕಟ್ಟುವ ಹೊತ್ತು ಅದು, ಮುಂಗಾರಿ ಮೆಕ್ಕೆಜೋಳ ತೆನೆ ತುಂಬುವ ಹೊತ್ತು. ಸೆಪ್ಟೆಂಬರಿನಲ್ಲಿ ಮಳೆ ಬಂದು ಸರಾಸರಿ ಸರಿಹೋಯಿತು, ಬೆಳೆ ಸರಿಹೋಗಲಿಲ್ಲ. ಕರ್ನಾಟಕ ಆ ವರ್ಷ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು. ಬೇರಿಗೆ ಸರಾಸರಿ ಗೊತ್ತಿಲ್ಲ, ಇವತ್ತು ಮಣ್ಣಿನಲ್ಲಿ ಹಸಿ ಇದೆಯೋ ಇಲ್ಲವೋ ಅಷ್ಟೇ ಗೊತ್ತು.

ಆ ವರ್ಷ ಎಲ್ ನಿನೋ ಇತ್ತು, ಅಂದರೆ ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗಿ ನಮ್ಮ ಮುಂಗಾರನ್ನು ಹಲವು ಸಲ ಕುಗ್ಗಿಸುವ ಸ್ಥಿತಿ, ಅದು ಹಿಂದೆಯೂ ಬರುತ್ತಿತ್ತು. ಹೊಸದು ಅದರ ಜೊತೆಗೆ ಸೇರಿಕೊಂಡ ಕಾವು.

ಸ್ಲೈಡ್ 4: 1901–2018: ಸುಮಾರು 0.7 ಡಿಗ್ರಿ ಏರಿಕೆ. 1 ಡಿಗ್ರಿಗೆ ಸುಮಾರು 7% ಹೆಚ್ಚು ಆವಿ.

ಭಾರತದ ಸರಾಸರಿ ಉಷ್ಣತೆ 1901ರಿಂದ 2018ರ ಒಳಗೆ ಸುಮಾರು 0.7 ಡಿಗ್ರಿ ಏರಿದೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ನೂರಕ್ಕೆ ಸುಮಾರು 7 ಪಾಲು ಹೆಚ್ಚು ಆವಿ ಹಿಡಿಯಬಲ್ಲದು. ಹಾಗಾಗಿ ಬೆಚ್ಚನೆಯ ಗಾಳಿ ನೆಲದ ಹಸಿಯನ್ನು ಬೇಗ ಹೀರುತ್ತದೆ. ಬಹಳ ದಿನ ಹೊತ್ತು ತಿರುಗಿ, ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ಬರ, ನೆರೆ ಎರಡೂ ಒಂದೇ ತಾಯಿಯ ಮಕ್ಕಳು ಎನ್ನುವುದು ಇದಕ್ಕೇ. ಪುಣೆಯ ಪಾಷಾಣ್‌ನಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನವೊಂದು, ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿಮಳೆಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿರುವುದನ್ನು ತೋರಿಸಿತು. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಲಾಪುರ, ಬೆಳಗಾವಿ ಮುಳುಗಿದ್ದು ನಿಮ್ಮ ಕಣ್ಣ ಮುಂದಿದೆ. ಅದಕ್ಕೆ ಮೂರು ವರ್ಷ ಹಿಂದೆ, 2016ರ ಏಪ್ರಿಲ್‌ನಲ್ಲಿ, ಅದೇ ಸಾಂಗ್ಲಿ ಜಿಲ್ಲೆಯ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು.

ಸ್ಲೈಡ್ 5: 2025. ಕೇರಳಕ್ಕೆ ಮೇ 24, ಮುಂಬೈಗೆ ಮೇ 26.

*ನನಗೆ: ಬೇಗ ಮುಗಿಸುವುದು, ಒಂದು ನಿಮಿಷ.*

2025ರಲ್ಲಿ ಮುಂಗಾರು ಕೇರಳಕ್ಕೆ ಎಂಟು ದಿನ, ಮುಂಬೈಗೆ ಎರಡು ವಾರಕ್ಕೂ ಹೆಚ್ಚು ಮುಂಚೆ ಬಂತು. ಆಮೇಲೆ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಮುಂದೆ ಸರಿಯದೆ ನಿಂತುಬಿಟ್ಟಿತು. ಮಳೆ ಬೇಗ ಬಂದ ಮಾತ್ರಕ್ಕೆ ಬಿತ್ತಿಗೆ ಬೇಗ ಆಗಬೇಕಿಲ್ಲ.

ಸ್ಲೈಡ್ 6: ಒಂದು ಎಕರೆ, 25 ಮಿಲಿಮೀಟರ್ = 1 ಲಕ್ಷ ಲೀಟರ್.

ಹಾಗಾದರೆ ಬಿತ್ತುವುದು ಯಾವಾಗ? ಒಟ್ಟು 75ರಿಂದ 100 ಮಿಲಿಮೀಟರ್ ಬಿದ್ದು, ಮಣ್ಣು ಒಂದು ಗೇಣು ಆಳ ನೆನೆದ ಮೇಲೆ. ಗೇಣು ಆಳ ಅಗೆದು, ಆ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆ ನಿಂತರೆ ಹದ ಇದೆ. ಇದನ್ನು ನೋಡುವವರು ಹೊಲದಲ್ಲಿರುವವರು, ಫೋನಿನ ಈ ಕಡೆ ಇರುವ ನಾವಲ್ಲ.

ಒಂದು ಎಕರೆಗೆ 25 ಮಿಲಿಮೀಟರ್ ಮಳೆ ಎಂದರೆ ಒಂದು ಲಕ್ಷ ಲೀಟರ್ ನೀರು. ಟ್ಯಾಂಕರಿನಲ್ಲಿ ತರಿಸಿದರೆ ಎಷ್ಟು ಬಿಲ್ ಬರುತ್ತದೆ ಎಂದು ನಮ್ಮ ಸೊಸೈಟಿಗಳಲ್ಲಿರುವ ಎಲ್ಲರಿಗೂ ಗೊತ್ತು. ಆ ನೀರು ಒಂದೇ ತಾಸಿನಲ್ಲಿ ಬಿದ್ದರೆ ಎರೆ ಮಣ್ಣು ಕುಡಿಯಲಾರದು, ಮೇಲ್ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ. ಹಿಂಗಾರಿ ಜೋಳದ ಹೊಲಕ್ಕೆ ನಮ್ಮ ಹಿರಿಯರ ಕಡೆಯೇ ಮದ್ದಿದೆ: ಚೌಕುಮಡಿ. ಜೂನ್, ಜುಲೈನಲ್ಲಿ ಹೊಲವನ್ನು ಸಣ್ಣ ಚೌಕಗಳಾಗಿ ಮಾಡಿ ಬದು ಕಟ್ಟಿದರೆ ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ. ಬಿಳಿಜೋಳ ನಿಲ್ಲುವುದು ಆ ಹಸಿಯ ಮೇಲೆ. ಖರ್ಚು ಕಡಿಮೆ. ಆದರೂ ಲಾವಣಿಗೆ ಕೊಟ್ಟ ಹೊಲಗಳಲ್ಲಿ ಇದು ಕಾಣುವುದು ಅಪರೂಪ. ಒಂದೇ ವರ್ಷದ ಕರಾರಿನವನು ನಿಮ್ಮ ಹೊಲಕ್ಕೆ ಬದು ಯಾಕೆ ಕಟ್ಟಿಸುತ್ತಾನೆ? ಕರಾರು ಮೂರು ವರ್ಷಕ್ಕೆ ಮಾಡಿ, ಬದುವಿನ ಖರ್ಚು ನೀವು ಕೊಡಿ. ಪುಣೆಯಲ್ಲಿ ಕೂತು ನಾವು ಮಾಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣಿಸಿಲ್ಲ.

ಸ್ಲೈಡ್ 7: ಪ್ರಶ್ನೆಗಳು.

*ನನಗೆ: ಚಾಟ್ ಓದುವುದು ನಿರೂಪಕರು. ಒಂದಕ್ಕೆ ಎರಡು ನಿಮಿಷ.*

ಹಡಪಸರದ ಹಿರಿಯರು: ಅಮ್ಮಾ, "ರೋಹಿಣಿ ಮಳೆ ಬಂದ್ರ ಓಣಿ ತುಂಬ ಜೋಳ" ಅಂತಿದ್ರು ನಮ್ಮ ಅಜ್ಜ. ಈ ನಕ್ಷತ್ರದ ಲೆಕ್ಕ ಇನ್ನ ಬಿಟ್ಟಬಿಡೂದೇನು?

ಬಿಡಬೇಡಿ ಕಾಕಾ. ಮಳೆ ನಕ್ಷತ್ರ ಎಂದರೆ ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನ. ಅದು ನಮ್ಮ ಕ್ಯಾಲೆಂಡರಿನಲ್ಲಿ ಸರಿಯುವುದು 70 ವರ್ಷಕ್ಕೆ ಸುಮಾರು ಒಂದು ದಿನ. ಅಜ್ಜನ ರೋಹಿಣಿ, ನಿಮ್ಮ ರೋಹಿಣಿ ಹೆಚ್ಚು ಕಡಿಮೆ ಒಂದೇ. ಕದಲಿದ್ದು ಮಳೆ. ಯಾವ ನಕ್ಷತ್ರದಲ್ಲಿ ಎಷ್ಟು ಬಿತ್ತು ಎಂದು ಬರೆದಿಡುವುದಕ್ಕೆ ಆ ಹೆಸರುಗಳಷ್ಟು ಒಳ್ಳೆಯ ಖಾನೆ ಬೇರೆ ಇಲ್ಲ. ಬಿತ್ತುವ ದಿನ ಮಾತ್ರ ಹಸಿ ನೋಡಿ ನಿರ್ಧರಿಸಿ.

ಅಥಣಿ ಮೂಲದವರು, ಚಿಂಚವಾಡದಿಂದ: ನಮ್ಮದು ಆರು ಎಕರೆ ಕಬ್ಬು, ತಮ್ಮ ನೋಡ್ತಾನ. ಕಟಾವಾದ ಮೇಲೆ ರವದಿ ಸುಡ್ತಾರ. ತಪ್ಪೇನು?

ತಪ್ಪೇ. ಒಂದು ಬೆಂಕಿಗೆ ಮಣ್ಣಿಗೆ ಸೇರಬೇಕಾದ ಇಂಗಾಲ ಹೊಗೆಯಾಗುತ್ತದೆ, ಮೇಲ್ಪದರದ ಜೀವಗಳು ಸಾಯುತ್ತವೆ. ರವದಿಯನ್ನು ಸಾಲಿನ ನಡುವೆ ಹಾಸಿದರೆ ಬೇಸಿಗೆಯಲ್ಲಿ ನೆಲದ ಹಸಿ ಉಳಿಯುತ್ತದೆ, ಕಳೆಯೂ ಕಡಿಮೆ. ಕುಳೆ ಬೆಳೆಗೆ ಅಡ್ಡಿ ಎಂಬ ದೂರು ಬರುತ್ತದೆ. ಸಾಲು ಬಿಟ್ಟು ಸಾಲು ಹಾಸಿ ಒಂದು ಎಕರೆಯಲ್ಲಿ ನೋಡಲು ಹೇಳಿ. ತಮ್ಮನಿಗೆ ಹುಕುಂ ಮಾಡಬೇಡಿ, ಆ ಎಕರೆಯ ನಷ್ಟ ನನ್ನದು ಎಂದು ಹೇಳಿ.

ಬಾಣೇರಿನ ಯುವಕ: ಮೇಡಂ, ತಿಕೋಟಾ ಕಡೆ ದ್ರಾಕ್ಷಿ ಇದೆ. ಅಕ್ಟೋಬರ್‌ನಲ್ಲಿ ಬಳ್ಳಿ ಸವರಿ ಚಾಟಣಿ ಆದಮೇಲೆ ಮಳೆ ಬಂದು ಡೌನಿ ರೋಗ ಬಿತ್ತು. ಯಾವ ಔಷಧ ಹೊಡೆಯಬೇಕು?

ಔಷಧದ ಹೆಸರು ನಾನು ಹೇಳುವುದಿಲ್ಲ, ಅದು ತೋಟ ನೋಡಿದವರ ಕೆಲಸ. ಹೊಡೆಯುವ ಹೊತ್ತನ್ನು ಹೇಳುತ್ತೇನೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಬರುತ್ತದೆ, ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಜಿಲ್ಲೆ ವಿಜಯಪುರ ಎಂದು ಆರಿಸಿ, ಪುಣೆ ಅಲ್ಲ. ಮುಂದಿನ ಐದು ದಿನದ ಮಳೆ ನೋಡಿ ಸಿಂಪಡಣೆ ಹಿಂದೆ ಮುಂದೆ ಮಾಡಿ. ಹೊಡೆದ ಎರಡು ತಾಸಿಗೆ ಮಳೆ ಬಂದರೆ ದುಡ್ಡು ತೊಳೆದು ಹೋಗುತ್ತದೆ. ಇನ್ನೊಂದು, ಇಡೀ ತೋಟದ ಚಾಟಣಿ ಒಂದೇ ವಾರದಲ್ಲಿ ಮಾಡಿಸಬೇಡಿ. ಎರಡು ಮೂರು ತುಂಡು ಮಾಡಿ ಹತ್ತು ದಿನದ ಅಂತರ ಕೊಟ್ಟರೆ, ಹೂವಿನ ಹೊತ್ತಿಗೆ ಬರುವ ಮಳೆ ಇಡೀ ತೋಟವನ್ನು ಹಿಡಿಯುವುದಿಲ್ಲ.

ಧನಕವಡಿಯ ತಾಯಿಯೊಬ್ಬರು: ಹೊಲ ಮಾರಿಬಿಡೋಣ ಅಂತಾನ ನನ್ನ ಮಗ. ಇನ್ನ ಮುಂದ ಮಳೆ ನಂಬಾಕ ಬರೂದಿಲ್ಲ ಅಂತಾನ. ಏನ ಹೇಳಲಿ?

*ನನಗೆ: ಈ ಪ್ರಶ್ನೆ ಬಂದೇ ಬರುತ್ತದೆ. ಹೊಲ ಉಳಿಸಿ ಎಂದು ಉಪದೇಶ ಮಾಡಬಾರದು.*

ತಾಯೀ, ಮಾರುವುದು, ಬಿಡುವುದು ನಿಮ್ಮ ಮನೆಯ ಮಾತು. ಮಳೆ ನಂಬಲಿಕ್ಕೆ ಬರುವುದಿಲ್ಲ ಎನ್ನುವುದು ಅರ್ಧ ನಿಜ. ವರ್ಷದ ಮಳೆ ನಿಮ್ಮ ಕಡೆ ನಿಂತುಹೋಗಿಲ್ಲ, ಬರುವ ರೀತಿ ಕೆಟ್ಟಿದೆ. ಮಾರುವ ಮುನ್ನ ಒಂದು ಹಿಂಗಾರಿಗೆ ಮಗನನ್ನು ಊರಿಗೆ ಕಳಿಸಿ, ಚೌಕುಮಡಿ ಮಾಡಿದ ಹೊಲ, ಮಾಡದ ಹೊಲ ಎರಡನ್ನೂ ಡಿಸೆಂಬರಿನಲ್ಲಿ ಅಕ್ಕಪಕ್ಕ ನಿಂತು ನೋಡಲಿ. ಆಮೇಲೂ ಮಾರಬೇಕು ಅಂದರೆ ತಿಳಿದು ಮಾರಿದ ಹಾಗಾಗುತ್ತದೆ.

ಕೋಥ್ರೂಡಿನ ಎಂಟನೇ ತರಗತಿಯ ಹುಡುಗಿ: ಆಂಟಿ, ಅಜ್ಜನ ಹೊಲದಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಅಂತ ಅಳೆಯೋದು ಹೇಗೆ? ಅಲ್ಲಿ ಯಂತ್ರ ಇಲ್ಲ.

ಯಂತ್ರ ಬೇಡ ಮಗೂ. ಬಾಯಿಯೂ ತಳವೂ ಒಂದೇ ಅಗಲ ಇರುವ ನೆಟ್ಟನೆಯ ಡಬ್ಬಿ ಸಾಕು. ಬಯಲಿನಲ್ಲಿ, ಮರ ಗೋಡೆಗಳಿಂದ ದೂರ, ಗಾಳಿಗೆ ಉರುಳದ ಹಾಗೆ ಇಡಲು ಅಜ್ಜನಿಗೆ ಹೇಳು. ದಿನಾ ಬೆಳಿಗ್ಗೆ ಎಂಟೂವರೆಗೆ ಒಳಗೆ ಸ್ಕೇಲ್ ಇಳಿಸಿ ಓದಬೇಕು. ನೀರು 12 ಮಿಲಿಮೀಟರ್ ಎತ್ತರ ನಿಂತಿದ್ದರೆ ಮಳೆ 12 ಮಿಲಿಮೀಟರ್. ಓದಿ ಚೆಲ್ಲಿಬಿಡಬೇಕು. ಅಜ್ಜ ಫೋನಿನಲ್ಲಿ ಹೇಳಲಿ, ನೀನು ನೋಟ್‌ಬುಕ್ಕಿನಲ್ಲಿ ನಕ್ಷತ್ರದ ಹೆಸರಿನ ಕೆಳಗೆ ಬರಿ. ಈಗ ರೋಹಿಣಿ ನಡೆದಿದೆ, ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಬಹುದು.