ತರಬೇತುದಾರರ ಹುದ್ದೆಗೆ ಅರ್ಜಿ

ತರಬೇತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಗ್ರಾಹಕ ಸೇವಾ ತಂಡದ ಹೊಸಬರಿಗೆ ತರಬೇತಿ ಕೊಡುವ ಹುದ್ದೆಗೆ ಈ ಅರ್ಜಿ. 9 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ್ದೇನೆ. ಕೊನೆಯ 3 ವರ್ಷ ಹೊಸ ಶಿಕ್ಷಕರ ತರಬೇತಿಯೂ ನನ್ನದೇ ಹೊಣೆ.

ಅಂಕಗಳನ್ನು ಕಂಪ್ಯೂಟರಿಗೆ ಏರಿಸುವ ಹೊಸ ವ್ಯವಸ್ಥೆ ಬಂದಾಗ 22 ಸಹೋದ್ಯೋಗಿಗಳಿಗೆ ಅದನ್ನು ಕಲಿಸಿದೆ. 45 ನಿಮಿಷದ ಅವಧಿಯಲ್ಲಿ 10 ನಿಮಿಷ ಮಾತ್ರ ತೋರಿಸುವುದು, 25 ನಿಮಿಷ ಅವರ ಕೈಯಿಂದಲೇ ಮಾಡಿಸುವುದು, ಉಳಿದದ್ದು ತಪ್ಪು ತಿದ್ದಲು. 'ಅರ್ಥವಾಯಿತೇ?' ಎಂದರೆ ದೊಡ್ಡವರೂ ತಲೆಯಾಡಿಸುತ್ತಾರೆ, ಹಾಗಾಗಿ ಆ ಪ್ರಶ್ನೆ ಕೇಳುವುದಿಲ್ಲ. ಬೇಕೆಂದೇ ತಪ್ಪಾಗಿ ತುಂಬಿದ ಒಂದು ಪುಟ ಕೊಟ್ಟು ಸರಿಪಡಿಸಲು ಹೇಳುತ್ತೇನೆ. ಯಾರು ಎಲ್ಲಿ ತಡವರಿಸುತ್ತಾರೆಂಬುದು ಅಲ್ಲೇ ಗೊತ್ತಾಗುತ್ತದೆ. ವಾರದ ಬಳಿಕ ಅವರ ಮೇಜಿನ ಬಳಿಯೇ ಮತ್ತೆ ನೋಡುತ್ತೇನೆ. ಕಲಿತದ್ದು ಕೆಲಸದಲ್ಲಿ ಬಳಕೆಯಾಗದಿದ್ದರೆ ಬೇಗ ಮರೆತುಹೋಗುತ್ತದೆ.

ಶಾಲೆಗೂ ಕಂಪನಿಗೂ ಇರುವ ವ್ಯತ್ಯಾಸ ನನಗೆ ತಿಳಿದಿದೆ. ಇಲ್ಲಿ ಪರೀಕ್ಷೆಯ ಅಂಕಕ್ಕಿಂತ ಕರೆಯ ಗುಣಮಟ್ಟ, ಮರುದೂರುಗಳ ಸಂಖ್ಯೆ ಮುಖ್ಯ. ಆದ್ದರಿಂದ ತರಬೇತಿಯ ಪರಿಣಾಮ ಅಳೆಯುವ ಕರ್ಕ್‌ಪ್ಯಾಟ್ರಿಕ್ ಮಾದರಿಯ ನಾಲ್ಕು ಹಂತಗಳನ್ನು (ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ) ಅಭ್ಯಾಸ ಮಾಡಿದ್ದೇನೆ. ಕೋಪಗೊಂಡ ಗ್ರಾಹಕರ ಕರೆ ನಿಭಾಯಿಸುವ ಕುರಿತ 90 ನಿಮಿಷದ ಮಾದರಿ ತರಬೇತಿ ಯೋಜನೆ, ತರಬೇತುದಾರರ ಕೈಪಿಡಿ, 30 ದಿನಗಳ ನಂತರ ಮೇಲ್ವಿಚಾರಕರು ತುಂಬಬೇಕಾದ ಪರಿಶೀಲನಾ ಪಟ್ಟಿ ಲಗತ್ತಿಸಿದ್ದೇನೆ.

ನಿಮ್ಮ ತಂಡದೆದುರು 15 ನಿಮಿಷದ ಪ್ರಾತ್ಯಕ್ಷಿಕೆ ಕೊಡಲು ಸಿದ್ಧಳಿದ್ದೇನೆ. ವಿಷಯ ನೀವೇ ಆರಿಸಬಹುದು. ಆಯ್ಕೆಯಾದರೆ ಶಾಲೆಗೆ ಒಂದು ತಿಂಗಳ ನೋಟಿಸ್ ಕೊಟ್ಟು ಬಂದು ಸೇರುತ್ತೇನೆ.

ವಂದನೆಗಳೊಂದಿಗೆ,
ಸುಮಾ